ಟೆಸ್ಟರ್‌ಗೆ ರೆಕಮಂಡೇಶನ್ ಲೆಟರ್: ಒಂದು ಬಗ್ ಹಿಡಿದ ಕತೆ ಬರೆಯಿರಿ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟ್ ಲೀಡ್. ನನ್ನ ಟೀಮಿನ ಹುಡುಗಿಯೊಬ್ಬಳು ಅಮೆರಿಕದಲ್ಲಿ ಎಂ.ಎಸ್. ಮಾಡೋಕೆ ಅರ್ಜಿ ಹಾಕ್ತಿದ್ದಾಳೆ. ಮೂರು ವರ್ಷದಿಂದ ನನ್ನ ಕೈಕೆಳಗೆ ಇದ್ದಾಳೆ, ತುಂಬಾ ಒಳ್ಳೆ ಟೆಸ್ಟರ್. ಲೆಟರ್ ಬರೆಯೋಕೆ ಕೂತರೆ ಅಪ್ರೈಸಲ್ ಫಾರ್ಮ್ ತರಾನೇ ಆಗ್ತಿದೆ. ಜಾಸ್ತಿ ಮಾಡಿರೋದು ಮ್ಯಾನ್ಯುಯಲ್ ಟೆಸ್ಟಿಂಗ್, ಕೋಡ್ ಬರೆದಿರೋದು ಕಮ್ಮಿ. ಅಲ್ಲಿನ ಪ್ರೊಫೆಸರ್‌ಗೆ ಏನಂತ ಬರೀಲಿ? ಆಕೆಯೇ ಡ್ರಾಫ್ಟ್ ಮಾಡಿಕೊಡ್ತೀನಿ ಅಂದಿದ್ದಾಳೆ. ಒಪ್ಪಬಹುದಾ?

ಉತ್ತರ: ಡ್ರಾಫ್ಟ್ ಆಕೆ ಮಾಡುವುದು ಬೇಡ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಏನು ಬರೆಯಬೇಕು ಅನ್ನುವುದನ್ನು ನೋಡೋಣ.

ನಿಮ್ಮ ಪತ್ರ ಓದುವ ಪ್ರೊಫೆಸರ್ ಟೆಸ್ಟರ್ ಕೆಲಸಕ್ಕೆ ಜನ ಹುಡುಕುತ್ತಿಲ್ಲ. ಅಪ್ರೈಸಲ್ ಕೇಳುವುದು, ಕೊಟ್ಟ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸಿದಳೇ ಎಂದು. ಪ್ರೊಫೆಸರ್‌ಗೆ ಬೇಕಾಗಿರುವುದು ಬೇರೆ. ಉತ್ತರ ಯಾರಿಗೂ ಗೊತ್ತಿಲ್ಲದ ಒಂದು ಪ್ರಶ್ನೆ ಕೊಟ್ಟರೆ ಈಕೆ ಏನು ಮಾಡುತ್ತಾಳೆ? ಎಲ್ಲಿಂದ ಶುರು ಮಾಡುತ್ತಾಳೆ, ತನ್ನ ಊಹೆ ತಪ್ಪಾದರೆ ಒಪ್ಪಿಕೊಳ್ಳುತ್ತಾಳಾ, ಗೊತ್ತಾದದ್ದನ್ನು ಬೇರೆಯವರಿಗೆ ತಿಳಿಯುವ ಹಾಗೆ ಬರೆಯುತ್ತಾಳಾ? ಮಾರ್ಕ್ಸ್ ಕಾರ್ಡ್ ಇದನ್ನು ಹೇಳುವುದಿಲ್ಲ. ಕಾಲೇಜಿನ ಮೇಷ್ಟ್ರು ಬರೆಯುವ ಉಳಿದ ಎರಡು ಪತ್ರಗಳಲ್ಲೂ ಇದು ಬರುವುದು ಕಷ್ಟ. ಹೇಳಬಲ್ಲವರು ನೀವೊಬ್ಬರೇ. ಯಾಕೆಂದರೆ ಟೆಸ್ಟಿಂಗ್‌ನಲ್ಲಿ ಇಂಥ ಪ್ರಶ್ನೆಗಳು ವಾರಕ್ಕೊಂದು ಬರುತ್ತವೆ.

ಹಾಗಾಗಿ ನನ್ನ ಸಲಹೆ ಒಂದೇ. ಆಕೆ ಹಿಡಿದ ಒಂದು ಬಗ್ ಆರಿಸಿಕೊಳ್ಳಿ. ಅದರ ಕತೆಯನ್ನು ಮೊದಲಿಂದ ಕೊನೆವರೆಗೆ ಬರೆಯಿರಿ. ಪತ್ರದ ಅರ್ಧ ಭಾಗ ಅದೇ ಆಗಲಿ.

ಹದಿನಾರು ವರ್ಷ ಟೆಸ್ಟಿಂಗ್‌ನಲ್ಲಿದ್ದು, ಟೀಮಿನ ಹುಡುಗ ಹುಡುಗಿಯರಿಗೆ ಇಂಥ ಸುಮಾರು ಪತ್ರ ಬರೆದಿದ್ದೇನೆ. ಮೊದಲ ಪತ್ರದಲ್ಲಿ ನಾನೂ ಬರೆದದ್ದು ಇಷ್ಟೇ: 'ಶ್ರಮಜೀವಿ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾನೆ, ಎರಡು ಸಾವಿರಕ್ಕೂ ಜಾಸ್ತಿ ಟೆಸ್ಟ್ ಕೇಸ್ ಬರೆದಿದ್ದಾನೆ, ನಾನೂರು ಬಗ್ ಹಾಕಿದ್ದಾನೆ.' ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಶ್ರಮಜೀವಿ ಅನ್ನುವ ಮಾತು ಎಲ್ಲ ಪತ್ರದಲ್ಲೂ ಇರುತ್ತದೆ. ನಾನೂರು ಬಗ್ ಅಂದರೆ ಜಾಸ್ತಿಯೋ ಕಮ್ಮಿಯೋ ಪ್ರೊಫೆಸರ್ ಹೇಗೆ ತಿಳಿಯಬೇಕು? ನಮಗೂ ಗೊತ್ತಲ್ವಾ, ಸ್ಪೆಲಿಂಗ್ ತಪ್ಪುಗಳನ್ನೆಲ್ಲ ಒಂದೊಂದಾಗಿ ಹಾಕಿದರೆ ಲೆಕ್ಕ ತಾನಾಗಿಯೇ ಏರುತ್ತದೆ. ಇಡೀ ತಿಂಗಳು ಕೂತು ಒಂದೇ ಬಗ್ ಹಿಡಿದವರ ಲೆಕ್ಕ ಇಳಿಯುತ್ತದೆ.

ಮುಂದೆ ಇನ್ನೊಬ್ಬ ಹುಡುಗ ಪತ್ರ ಕೇಳಿದಾಗ ನಾನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಪತ್ರಕ್ಕೂ ಇದು ದಾರಿ ತೋರಿಸಬಹುದು.

ಅವನಿದ್ದದ್ದು ಬಿಲ್ ಕಟ್ಟುವ ಒಂದು ಆ್ಯಪ್‌ನ ಟೀಮಿನಲ್ಲಿ. ದಿನಾ ರಾತ್ರಿ ರಿಗ್ರೆಷನ್ ಓಡುತ್ತಿತ್ತು. ಡೆವಲಪರ್‌ಗಳ ಕೊನೆಯ ಕೋಡ್ ಬಂದ ಮೇಲೆ ಅದು ಶುರುವಾಗುತ್ತಿತ್ತು. ಹಾಗಾಗಿ ಒಂದು ದಿನ ಒಂಬತ್ತು ಗಂಟೆಗೆ, ಇನ್ನೊಂದು ದಿನ ಮಧ್ಯರಾತ್ರಿ ಕಳೆದ ಮೇಲೆ. ಮೂರು ಟೆಸ್ಟ್‌ಗಳು ಕೆಲವು ರಾತ್ರಿ ಫೇಲ್ ಆಗುತ್ತಿದ್ದವು. ಬೆಳಿಗ್ಗೆ ಬಂದು ಮತ್ತೆ ಓಡಿಸಿದರೆ ಪಾಸ್. ಎಲ್ಲರೂ ಅದಕ್ಕೆ 'ಫ್ಲೇಕಿ' ಅಂತ ಹೆಸರಿಟ್ಟು ಸುಮ್ನಾಗಿದ್ದರು. ನಾನೂ ಸುಮ್ನಾಗಿದ್ದೆ.

ಈ ಹುಡುಗ ಆರು ವಾರದ ಲಾಗ್ ತೆಗೆದು ಕೂತ. 42 ರಾತ್ರಿಗಳಲ್ಲಿ 11 ಫೇಲ್. ಬಿಲ್ಡ್ ಶುರುವಾದ ಹೊತ್ತು ಬಿಟ್ಟು, ಆ ಮೂರು ಟೆಸ್ಟ್‌ಗಳು ಓಡಿದ ನಿಮಿಷವನ್ನೇ ಒಂದು ಶೀಟ್‌ನಲ್ಲಿ ಬರೆದುಕೊಂಡ. ಹನ್ನೊಂದಕ್ಕೆ ಹನ್ನೊಂದೂ ಮಧ್ಯರಾತ್ರಿ ಹನ್ನೆರಡರ ಆಚೆ. ಅವನ ಮೊದಲ ಊಹೆ, ರಾತ್ರಿ ಬ್ಯಾಕಪ್ ನಡೆಯುವಾಗ ಸರ್ವರ್ ನಿಧಾನವಾಗುತ್ತಿದೆ ಎಂದು. ಅನುಮತಿ ಕೇಳಿ ಒಂದು ರಾತ್ರಿ ಬ್ಯಾಕಪ್ ನಿಲ್ಲಿಸಿದ. ಆದರೂ ಫೇಲ್ ಆಯಿತು. ಊಹೆ ತಪ್ಪು ಅಂತ ಅವನೇ ಟಿಕೆಟ್‌ನಲ್ಲಿ ಬರೆದ.

ಆಮೇಲೆ ಅವನ ಕಣ್ಣಿಗೆ ಬಿದ್ದದ್ದು ಪಾಸ್ ಆದ ಒಂದು ರಾತ್ರಿ. ನೆಟ್‌ವರ್ಕ್ ತೊಂದರೆಯಿಂದ ಅವತ್ತು ಟೆಸ್ಟ್‌ಗಳು ಓಡಿದ್ದು ಬೆಳಗಿನ ಜಾವ 5:40ಕ್ಕೆ. ಹನ್ನೆರಡರ ನಂತರ ಓಡಿದರೂ ಪಾಸ್! ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಇದೆ. ಇಲ್ಲಿ ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದೂವರೆ ತನಕ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನದ ತಾರೀಖು. ಇದು ಹೊಳೆದ ಮೇಲೆ ಅವನು ರಾತ್ರಿಗೆ ಕಾಯಲಿಲ್ಲ. ಟೆಸ್ಟ್ ಮೆಷಿನ್‌ಗಳ ಗಡಿಯಾರವನ್ನು 11:50, 12:10, 5:20, 5:40ಕ್ಕೆ ಇಟ್ಟು ನಾಲ್ಕು ಸಲ ಓಡಿಸಿದ. ಪಾಸ್, ಫೇಲ್, ಫೇಲ್, ಪಾಸ್. ಪರದೆ ನಮ್ಮ ತಾರೀಖು ತೋರಿಸುತ್ತಿತ್ತು, ಡೇಟಾಬೇಸ್ ಯುಟಿಸಿ ತಾರೀಖು ಬರೆದುಕೊಳ್ಳುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಟೆಸ್ಟ್ ಸರಿ ಮಾಡಿ ಮುಗಿಸಬಹುದಿತ್ತು. ಅವನು ಇನ್ನೊಂದು ಪ್ರಶ್ನೆ ಕೇಳಿದ. ನಿಜವಾದ ಗ್ರಾಹಕರಿಗೆ ಇದರಿಂದ ಏನಾಗುತ್ತಿದೆ? ಕಟ್ಟಲು ಕೊನೆಯ ದಿನ 15 ಅಂತಿಟ್ಟುಕೊಳ್ಳಿ. 15 ಕಳೆದು 16 ಶುರುವಾದ ಮೇಲೆ, ರಾತ್ರಿ ಹನ್ನೆರಡೂವರೆಗೆ ದುಡ್ಡು ಕಟ್ಟಿದವರು 15ಕ್ಕೇ ಕಟ್ಟಿದಂತೆ ದಾಖಲಾಗುತ್ತಿತ್ತು. ದಂಡ ಬೀಳುತ್ತಿರಲಿಲ್ಲ. ಒಂದನೇ ತಾರೀಖಿನ ರಾತ್ರಿ ಒಂದು ಗಂಟೆಗೆ ಬಂದ ಹಣ ಹಿಂದಿನ ತಿಂಗಳ ಲೆಕ್ಕಕ್ಕೆ ಸೇರುತ್ತಿತ್ತು. ಗ್ರಾಹಕರಿಗೆ ನಷ್ಟವಿಲ್ಲ, ಹಾಗಾಗಿ ಒಂದೂ ದೂರು ಬಂದಿರಲಿಲ್ಲ. ದೂರು ಬರದ ಕಾರಣಕ್ಕೇ ಆ ತಪ್ಪು ಅಷ್ಟು ದಿನ ಉಳಿದಿತ್ತು.

ಪತ್ರದಲ್ಲಿ ನಾನು ಇದನ್ನು ಹೀಗೆ ಬರೆದೆ. ಪತ್ರ ಇಂಗ್ಲಿಷಿನಲ್ಲೇ ಹೋಗಬೇಕು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

"ನಮ್ಮ ರಾತ್ರಿ ಟೆಸ್ಟ್‌ಗಳಲ್ಲಿ ಮೂರು ಕೆಲವೊಮ್ಮೆ ಕಾರಣವಿಲ್ಲದೆ ಫೇಲ್ ಆಗುತ್ತಿದ್ದವು. ನಾನೂ ಸೇರಿ ಇಡೀ ಟೀಮ್ ಅದನ್ನು ಕಡೆಗಣಿಸಿತ್ತು. ಈತ ಆರು ವಾರಗಳ ದಾಖಲೆ ತೆಗೆದು ಪ್ರತಿ ಫೇಲ್ ಆದ ನಿಮಿಷವನ್ನು ಗುರುತು ಮಾಡಿದ. ಸರ್ವರ್ ಮೇಲಿನ ಹೊರೆ ಕಾರಣ ಇರಬಹುದು ಎಂದುಕೊಂಡು ಅದನ್ನು ಪರೀಕ್ಷಿಸಿದ, ಅಲ್ಲ ಎಂದು ಗೊತ್ತಾದಾಗ ಹಾಗೆಂದೇ ಬರೆದ. ಫೇಲ್ ಆದ ರಾತ್ರಿಗಳನ್ನಷ್ಟೇ ನೋಡದೆ, ಪಾಸ್ ಆಗಬಾರದಿದ್ದ ಒಂದು ರಾತ್ರಿ ಪಾಸ್ ಆದದ್ದನ್ನು ಈತ ಗಮನಿಸಿದ. ಅದರಿಂದ ಎರಡು ಗಡಿಯಾರಗಳ ವ್ಯತ್ಯಾಸ ಕಾರಣ ಎಂದು ಊಹಿಸಿ, ನಾಲ್ಕು ಓಟಗಳಲ್ಲಿ ಅದನ್ನು ಸಾಬೀತು ಮಾಡಿದ. ಗ್ರಾಹಕರ ಹಣದ ತಾರೀಖು ತಪ್ಪಾಗಿ ದಾಖಲಾಗುತ್ತಿದೆ ಎಂಬುದು ನಮಗೆ ತಿಳಿದದ್ದು ಆಗ. ಯಾರೂ ಈ ಕೆಲಸವನ್ನು ಅವನಿಗೆ ಹೇಳಿರಲಿಲ್ಲ."

ಗಮನಿಸಿ, ಇದರಲ್ಲಿ ಒಂದು ಟೂಲ್‌ನ ಹೆಸರೂ ಇಲ್ಲ. ಸೆಲೆನಿಯಂ, ಪೋಸ್ಟ್‌ಮ್ಯಾನ್ ಎಲ್ಲ ರೆಸ್ಯುಮೆಯಲ್ಲಿ ಇರುತ್ತವೆ. 'ಜಾಣ' ಎಂಬ ಪದವೂ ಇಲ್ಲ. ಆದರೆ ಓದಿದವರಿಗೆ ಹುಡುಗ ಜಾಣ ಅಂತ ಗೊತ್ತಾಗುತ್ತದೆ. ತಪ್ಪಾದ ಊಹೆಯನ್ನು ಬೇಕಂತಲೇ ಉಳಿಸಿಕೊಂಡೆ. ಮೊದಲ ಏಟಿಗೇ ಉತ್ತರ ಸಿಕ್ಕಿತು ಅಂತ ಬರೆದರೆ ಅದು ಅದೃಷ್ಟದ ಕತೆ ಆಗುತ್ತದೆ. ಸಂಶೋಧನೆ ಮಾಡುವವರು ದಿನಾ ನೋಡುವುದು ತಪ್ಪಿದ ಊಹೆಗಳನ್ನೇ.

ಟೆಸ್ಟಿಂಗ್ ಅಂದರೆ ಯೂನಿವರ್ಸಿಟಿಯವರು ಕೀಳಾಗಿ ನೋಡುತ್ತಾರೇನೋ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ನನಗೆ ಕಾಣುತ್ತಿದೆ. ಅಲ್ಲಿ ಇದು ಗಟ್ಟಿಯಾದ ಸಂಶೋಧನೆಯ ವಿಷಯ. ಫ್ಲೇಕಿ ಟೆಸ್ಟ್‌ಗಳ ಬಗ್ಗೆಯೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಪಾಚೆಯ 51 ಪ್ರಾಜೆಕ್ಟ್‌ಗಳಲ್ಲಿ ಇಂಥ ಟೆಸ್ಟ್‌ಗಳನ್ನು ಸರಿಪಡಿಸಲು ಮಾಡಿದ 201 ಬದಲಾವಣೆಗಳನ್ನು ಕೂತು ಓದಿ, ಕಾರಣಗಳನ್ನು ಗುಂಪು ಮಾಡಿದ್ದರು. ಆ ಗುಂಪುಗಳಲ್ಲಿ ಸಮಯವೂ ಒಂದು. ನಮ್ಮ ಹುಡುಗ ಒಂದು ಶೀಟ್‌ನಲ್ಲಿ ಮಾಡಿದ್ದು ಅದೇ ಜಾತಿಯ ಕೆಲಸ.

ಈಗ ನಿಮ್ಮ ಟೀಮಿನ ಹುಡುಗಿಯ ವಿಷಯ. ಮ್ಯಾನ್ಯುಯಲ್ ಟೆಸ್ಟಿಂಗ್‌ನಲ್ಲಿ ಇಂಥ ಕತೆ ಇರಲ್ಲ ಅಂದುಕೊಳ್ಳಬೇಡಿ. ಒಂದು ಉದಾಹರಣೆ ಕೊಡುತ್ತೇನೆ. 'ಅರವತ್ತು ವರ್ಷ ಮೇಲ್ಪಟ್ಟವರಿಗೆ ರಿಯಾಯಿತಿ' ಅಂತ ರಿಕ್ವೈರ್‌ಮೆಂಟ್‌ನಲ್ಲಿ ಇದೆ. ಅರವತ್ತು ತುಂಬಿದ ದಿನವೇ ಸಿಗುತ್ತಾ, ಅರವತ್ತೊಂದಕ್ಕಾ? ವಯಸ್ಸು ಲೆಕ್ಕ ಹಾಕುವುದು ಬುಕಿಂಗ್ ದಿನಕ್ಕಾ, ಪ್ರಯಾಣದ ದಿನಕ್ಕಾ? ಕೋಡ್ ಬರೆಯುವ ಮೊದಲೇ ಈ ಪ್ರಶ್ನೆ ಕೇಳಿ, ಡೆವಲಪರ್, ಅನಲಿಸ್ಟ್, ಕ್ಲೈಂಟ್ ಮೂವರೂ ಮೂರು ಅರ್ಥ ಮಾಡಿಕೊಂಡಿದ್ದಾರೆ ಅಂತ ತೋರಿಸಿದ ಟೆಸ್ಟರ್‌ಗಳನ್ನು ನಾನು ನೋಡಿದ್ದೇನೆ. ಒಂದು ಸಾಲು ಕೋಡ್ ಇಲ್ಲ. ಆದರೆ ಮಾತಿನಲ್ಲಿರುವ ಬಿರುಕನ್ನು ಹುಡುಕುವುದು ಕಂಪ್ಯೂಟರ್ ಸೈನ್ಸ್ ಕೆಲಸವೇ.

ಕತೆ ಹುಡುಕಲು ನೆನಪನ್ನೇ ನಂಬಬೇಡಿ. ನೆನಪಿಗೆ ಬರುವುದು ದೊಡ್ಡ ರಿಲೀಸ್, ರಾತ್ರಿ ಹನ್ನೊಂದರ ತನಕ ಕೂತದ್ದು, ಇಂಥವೇ. ನಿಮ್ಮಲ್ಲಿ ಜಿರಾ ಇದ್ದರೆ ಈ ಹುಡುಕಾಟ ಹಾಕಿ ನೋಡಿ:

```
reporter = "userid" AND resolution WAS "Cannot Reproduce"
```

`userid` ಇರುವಲ್ಲಿ ಆಕೆಯ ಐಡಿ ಹಾಕಿ. ಡೆವಲಪರ್ 'ನನ್ನ ಮೆಷಿನ್‌ನಲ್ಲಿ ಬರ್ತಿಲ್ಲ' ಅಂತ ಮುಚ್ಚಿದ ಬಗ್‌ಗಳೆಲ್ಲ ಸಿಗುತ್ತವೆ. ಅದರಲ್ಲಿ ಆಕೆ ಮತ್ತೆ ತೆರೆದು, ಕೊನೆಗೆ ಫಿಕ್ಸ್ ಆದವು ಯಾವು ಅಂತ ನೋಡಿ. ಅವುಗಳ ಕಾಮೆಂಟ್ ಓದಿ. ನಾಲ್ಕೈದು ದಿನ ನಡೆದ ಆ ಮಾತುಕತೆಯಲ್ಲೇ ನಿಮ್ಮ ಪತ್ರ ಕೂತಿರುತ್ತದೆ. ಬೇರೆ ಟೂಲ್ ಇದ್ದರೆ ಮತ್ತೆ ತೆರೆದ ಬಗ್‌ಗಳನ್ನು ಹುಡುಕಿ, ಅದೂ ಸಾಕು.

ಕತೆಯ ಮೊದಲು ಒಂದು ಸಣ್ಣ ಪ್ಯಾರಾ ಬೇಕು. ನೀವು ಯಾರು, ಆಕೆಯನ್ನು ಯಾವ ತಿಂಗಳಿಂದ ಬಲ್ಲಿರಿ, ದಿನಾ ಆಕೆಯ ಕೆಲಸ ನೋಡುತ್ತಿದ್ದಿರಾ ಅಥವಾ ತಿಂಗಳಿಗೊಮ್ಮೆಯಾ, ಇಷ್ಟು. ಅದರಲ್ಲೇ ಹೋಲಿಕೆ ಕೊಡಿ. ನಾನು ಬರೆದದ್ದು: 'ಒಂಬತ್ತು ವರ್ಷಗಳಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದ 27 ಟೆಸ್ಟರ್‌ಗಳಲ್ಲಿ ಈತ ಮೊದಲ ಮೂವರಲ್ಲಿ ಒಬ್ಬ.' ಯಾರ ಜೊತೆ ಹೋಲಿಸುತ್ತಿದ್ದೀರಿ ಅಂತ ಹೇಳದಿದ್ದರೆ 'ಅತ್ಯುತ್ತಮ' ಅನ್ನುವುದಕ್ಕೆ ತೂಕ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಮೆರಿಕದ ಹಲವು ಯೂನಿವರ್ಸಿಟಿಗಳ ಪೋರ್ಟಲ್‌ನಲ್ಲಿ ಪತ್ರದ ಜೊತೆಗೆ ಒಂದು ಕೋಷ್ಟಕ ತುಂಬಬೇಕು. ಬುದ್ಧಿಶಕ್ತಿ, ಬರವಣಿಗೆ, ಸ್ವಂತ ಆಲೋಚನೆ, ಹೀಗೆ ಒಂದೊಂದಕ್ಕೂ `Top 5%`, `Top 10%`, `Top 25%` ಥರದ ಆಯ್ಕೆಗಳು. ಪ್ರೀತಿಯಿಂದ ಎಲ್ಲದಕ್ಕೂ ಮೊದಲನೆಯದನ್ನೇ ಒತ್ತಬೇಡಿ. ನನ್ನ ಲೆಕ್ಕ ನೋಡಿ: 27 ಜನರಲ್ಲಿ ಮೊದಲ ಮೂವರು ಅಂದರೆ ಸುಮಾರು 11%. ಪತ್ರದಲ್ಲಿ ಹಾಗೆ ಬರೆದು ಇಲ್ಲಿ ಎಲ್ಲದಕ್ಕೂ `Top 5%` ಒತ್ತಿದರೆ ಎರಡೂ ಹೊಂದುವುದಿಲ್ಲ. ನಾನು ಹುಡುಕುವ ಛಲಕ್ಕೆ ಮಾತ್ರ ಮೊದಲನೆಯದು ಕೊಟ್ಟೆ, ಅದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಉಳಿದವಕ್ಕೆ ಒಂದು ಮೆಟ್ಟಿಲು ಕೆಳಗೆ. ಪಾಠ ಹೇಳುವ ಸಾಮರ್ಥ್ಯದಂಥ, ನೀವು ನೋಡಿಯೇ ಇಲ್ಲದ ವಿಷಯಕ್ಕೆ 'ಗಮನಿಸಿಲ್ಲ' ಅನ್ನುವ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಾಗ ಉಳಿದ ಉತ್ತರಗಳಿಗೂ ಬೆಲೆ ಬರುತ್ತದೆ.

ದೌರ್ಬಲ್ಯ ಏನು ಅಂತ ಕೇಳಿದರೆ 'ಜಾಸ್ತಿ ಕೆಲಸ ಮಾಡುತ್ತಾಳೆ' ಅಂತ ಬರೆಯಬೇಡಿ. ಸಣ್ಣದೇ ಆದರೂ ನಿಜವಾದದ್ದು ಇರಲಿ. ನಾನು ಹೇಳಿದ ಆ ಹುಡುಗನ ಬಗ್ ರಿಪೋರ್ಟ್‌ಗಳು ಮೊದಲ ವರ್ಷ ಎರಡು ಪುಟ ಇರುತ್ತಿದ್ದವು, ಡೆವಲಪರ್‌ಗಳು ಓದದೇ ಮುಚ್ಚುತ್ತಿದ್ದರು. ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಮೊದಲ ಎರಡು ಸಾಲಿನಲ್ಲಿ ಬರೆಯಲು ಕಲಿತ ಮೇಲೆ ಸರಿಹೋಯಿತು. ಇದನ್ನೇ ಬರೆದೆ. ನಿಮ್ಮ ಹುಡುಗಿ ಕೋಡ್ ಕಮ್ಮಿ ಬರೆದಿದ್ದಾಳೆ ಅನ್ನುವುದನ್ನೂ ಮುಚ್ಚಿಡಬೇಕಾಗಿಲ್ಲ. ಆಟೋಮೇಷನ್ ಯಾವಾಗ ಶುರು ಮಾಡಿದಳು, ಎಷ್ಟು ದಿನದಲ್ಲಿ ಯಾರ ಸಹಾಯವೂ ಇಲ್ಲದೆ ಮೊದಲ ಸ್ಕ್ರಿಪ್ಟ್ ಓಡಿಸಿದಳು ಅಂತ ಎರಡು ಸಾಲು ಬರೆಯಿರಿ. ಕಲಿಯುವ ವೇಗ ಅದರಲ್ಲೇ ಕಾಣುತ್ತದೆ. ಸಿಜಿಪಿಎ, ಕಾಲೇಜಿನ ಬಹುಮಾನ ಇವಾವುದನ್ನೂ ಮುಟ್ಟಬೇಡಿ, ಅವು ನೀವು ಕಂಡದ್ದಲ್ಲ. ಒಟ್ಟು ಒಂದು ಪುಟ, ಹೆಚ್ಚೆಂದರೆ ಒಂದೂವರೆ.

ಇನ್ನು ಡ್ರಾಫ್ಟ್ ವಿಷಯ. 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ' ಅನ್ನುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಪತ್ರ ನಾನೇ ಬರೆದದ್ದು ಅಂತ ಪೋರ್ಟಲ್‌ನಲ್ಲಿ ಹೇಳಿಕೊಳ್ಳುವಾಗ ಅದು ಸುಳ್ಳಾಗುತ್ತದೆ, ಅದು ಮೊದಲ ಮಾತು. ಸಿಕ್ಕಿಬಿದ್ದರೆ ನಷ್ಟ ಆಕೆಗೆ. ಒಬ್ಬರೇ ಬರೆದ ಮೂರು ಪತ್ರಗಳಲ್ಲಿ ಒಂದೇ ಥರದ ವಾಕ್ಯ, ಯಾಕೆ ಓದಬೇಕು ಅಂತ ಆಕೆ ಅರ್ಜಿಗೆ ಬರೆಯುವ ಎಸ್‌ಓಪಿಯಲ್ಲೂ ಅದೇ ವಾಕ್ಯ ಇದ್ದರೆ ನೂರಾರು ಅರ್ಜಿ ಓದುವವರಿಗೆ ಗೊತ್ತಾಗದೇ ಇರುತ್ತಾ? ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಆಕೆ ತನ್ನನ್ನು ಹೊರಗಿನಿಂದ ನೋಡಿಲ್ಲ. ಪಾಸ್ ಆದ ರಾತ್ರಿಯನ್ನು ಗಮನಿಸಿದ್ದು ದೊಡ್ಡ ವಿಷಯ ಅಂತ ಆ ಹುಡುಗನಿಗೆ ಅನ್ನಿಸಿಯೇ ಇರಲಿಲ್ಲ. ಅವನು ಬರೆದಿದ್ದರೆ 'ರಿಗ್ರೆಷನ್ ಸ್ಥಿರಗೊಳಿಸಿದೆ' ಅಂತ ಒಂದು ಸಾಲು ಹಾಕಿ ಮುಂದೆ ಹೋಗುತ್ತಿದ್ದ.

ಬದಲಿಗೆ ಆಕೆಯಿಂದ ಒಂದು ಟಿಪ್ಪಣಿ ಕೇಳಿ. ರೆಸ್ಯುಮೆ, ಎಸ್‌ಓಪಿ, ಯಾವ ಯೂನಿವರ್ಸಿಟಿ ಯಾವ ಕೋರ್ಸ್, ಕೊನೆಯ ದಿನಗಳು, ಮತ್ತೆ ಆಕೆಗೆ ನೆನಪಿರುವ ಮೂರು ಬಗ್‌ಗಳ ಟಿಕೆಟ್ ನಂಬರ್. ಅಷ್ಟು ಸಾಕು, ವಾಕ್ಯಗಳು ನಿಮ್ಮವೇ ಆಗಿರಲಿ. ನಿಮ್ಮ ಇಂಗ್ಲಿಷ್ ಸ್ವಲ್ಪ ಹಿಂದುಮುಂದಾದರೂ ಪರವಾಗಿಲ್ಲ.

ಕಂಪನಿ ಕಡೆಯಿಂದ ಎರಡು ವಿಷಯ ನೋಡಿಕೊಳ್ಳಿ. ಲೆಟರ್‌ಹೆಡ್ ಬಳಸುವ ಮೊದಲು ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಎಕ್ಸ್‌ಪೀರಿಯನ್ಸ್ ಲೆಟರ್ ಬಿಟ್ಟು ಬೇರೆ ಏನನ್ನೂ ಲೆಟರ್‌ಹೆಡ್‌ನಲ್ಲಿ ಕೊಡಬಾರದು ಎಂಬ ನಿಯಮ ಕೆಲವು ಕಡೆ ಇದೆ. ಹಾಗಿದ್ದರೆ ಬಿಳಿ ಹಾಳೆಯಲ್ಲೇ ಬರೆದು, ಕೆಳಗೆ ನಿಮ್ಮ ಹೆಸರು, ಹುದ್ದೆ ಹಾಕಿ, ಇದು ನನ್ನ ವೈಯಕ್ತಿಕ ಅಭಿಪ್ರಾಯ ಅಂತ ಒಂದು ಸಾಲು ಸೇರಿಸಿ. ಕ್ಲೈಂಟ್ ಹೆಸರು, ಪ್ರಾಡಕ್ಟ್ ಹೆಸರು, ಸ್ಕ್ರೀನ್‌ಶಾಟ್ ಬೇಡ. 'ಬಿಲ್ ಕಟ್ಟುವ ಆ್ಯಪ್' ಅಂದರೆ ಪ್ರೊಫೆಸರ್‌ಗೆ ಸಾಕು. ನನ್ನ ಕತೆಯಲ್ಲಿ ಅದಕ್ಕಿಂತ ಜಾಸ್ತಿ ಏನೂ ಇಲ್ಲ, ಆದರೂ ನಿಮಗೆ ಪೂರ್ತಿ ಅರ್ಥವಾಯಿತಲ್ವಾ?

ಅಮೆರಿಕಕ್ಕೆ ಪತ್ರವನ್ನು ಸಾಮಾನ್ಯವಾಗಿ ಆಕೆಯ ಕೈಗೆ ಕೊಡುವುದಿಲ್ಲ. ಆಕೆ ಅರ್ಜಿಯಲ್ಲಿ ನಿಮ್ಮ ಮೇಲ್ ಐಡಿ ಕೊಡುತ್ತಾಳೆ, ಯೂನಿವರ್ಸಿಟಿಯಿಂದ ನೇರವಾಗಿ ನಿಮಗೆ ಒಂದು ಲಿಂಕ್ ಬರುತ್ತದೆ, ಅಲ್ಲಿ ನೀವೇ ಅಪ್‌ಲೋಡ್ ಮಾಡಬೇಕು. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀಯಾ ಅಂತ ಅರ್ಜಿಯಲ್ಲಿ ಆಕೆಯನ್ನು ಕೇಳುತ್ತಾರೆ. ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕು ಕೊಡುವ, ಅಮೆರಿಕದ 1974ರ ಫೆರ್ಪಾ ಕಾನೂನಿನಿಂದ ಬಂದ ಪ್ರಶ್ನೆ ಅದು. ಸಾಮಾನ್ಯವಾಗಿ ಬಿಟ್ಟುಕೊಡುವುದೇ ಒಳ್ಳೆಯದು, ಪತ್ರ ಮುಲಾಜಿಲ್ಲದೆ ಬರೆದದ್ದು ಅಂತ ಓದುವವರು ನಂಬುತ್ತಾರೆ.

ಆಫೀಸಿನ ಐಡಿಯನ್ನೇ ಕೊಡಿ, ಜಿಮೇಲ್ ಕೊಟ್ಟರೆ ಬರೆದವರು ಯಾರೋ ಎಂಬ ಅನುಮಾನ ಬರಬಹುದು. ಆದರೆ ಆಫೀಸಿನ ಮೇಲ್ ಫಿಲ್ಟರ್ ಇಂಥ ಲಿಂಕ್‌ಗಳನ್ನು ತಡೆಯುವುದುಂಟು. ನಾನಿದ್ದ ಒಂದು ಕಂಪನಿಯಲ್ಲಿ ಆ ಮೇಲ್ ಕ್ವಾರಂಟೈನ್‌ನಲ್ಲಿ ಹತ್ತು ದಿನ ಬಿದ್ದಿತ್ತು, ಹುಡುಗಿಗೆ ನಾನು ಮರೆತಿದ್ದೇನೆ ಅನ್ನಿಸಿ ಕೇಳಲು ಸಂಕೋಚ. ಅದಕ್ಕೇ ಅರ್ಜಿಯಲ್ಲಿ ನಿಮ್ಮ ಹೆಸರು ಹಾಕಿದ ದಿನವೇ ಆಕೆ ನಿಮಗೆ ತಿಳಿಸಲಿ. ಮಾರನೇ ದಿನದೊಳಗೆ ಮೇಲ್ ಕಾಣದಿದ್ದರೆ ಐಟಿಯವರಿಗೆ ಹೇಳಿ ಬಿಡಿಸಿ.

ಕೊನೆಯ ದಿನ ಡಿಸೆಂಬರ್ 15, ರಾತ್ರಿ 11:59 ಅಂತಿದ್ದರೆ ಯಾವ ಊರಿನ ಗಡಿಯಾರ ಅಂತ ನೋಡಿ. ನ್ಯೂಯಾರ್ಕ್ ಸಮಯ ಆದರೆ ನಮಗೆ 16ರ ಬೆಳಿಗ್ಗೆ 10:29. ಕ್ಯಾಲಿಫೋರ್ನಿಯಾ ಆದರೆ ಅವತ್ತು ಮಧ್ಯಾಹ್ನ 1:29. ಅದು ತುರ್ತಿಗೆ ಮಾತ್ರ, ನೀವು ಒಂದು ವಾರ ಮೊದಲೇ ಹಾಕಿ. ಹಾಕಿದ ಮೇಲೆ ಆಕೆಯ ಅರ್ಜಿಯ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ `Received` ಅಂತಲೋ `Submitted` ಅಂತಲೋ ಬರುತ್ತದೆ. ಬಂತಾ ಅಂತ ಆಕೆಯಿಂದ ಕೇಳಿ ತಿಳಿದುಕೊಂಡೇ ಆ ಟ್ಯಾಬ್ ಮುಚ್ಚಿ.